ಒಂದು ತೊಟ್ಟು ರಕ್ತದ ಸಾಕ್ಷ್ಯ



ನಮ್ಮ ಶಾಲೆಯಿಂದ ನಿವೃತ್ತರಾದ ಗಣಿತದ ಮೇಷ್ಟ್ರೊಬ್ಬರು ಪ್ರತಿದಿನ ಬೆಳಗ್ಗೆ ಬೆರಳು ಚುಚ್ಚಿ, ಸಕ್ಕರೆಯ ಅಂಕಿಯನ್ನು ಡೈರಿಯಲ್ಲಿ ಬರೆದಿಡುತ್ತಾರೆ. ಒಂದು ದಿನ ಬರಿಹೊಟ್ಟೆಯಲ್ಲಿ ಮೀಟರು 118 ತೋರಿಸಿತು. ಅದೇ ಗಳಿಗೆಯಲ್ಲಿ ತೋಳಿನಿಂದ ತೆಗೆದ ರಕ್ತಕ್ಕೆ ಪ್ರಯೋಗಶಾಲೆ ಕೊಟ್ಟದ್ದು 151. "ಪಂಡಿತರೆ, ಎರಡರಲ್ಲಿ ಯಾವುದು ಸುಳ್ಳು?" ಎಂದು ನನ್ನನ್ನು ಕೇಳಿದರು. ವ್ಯಾಕರಣದ ಸಂದೇಹವಾಗಿದ್ದರೆ ಒಡನೆ ಹೇಳುತ್ತಿದ್ದೆ. ಇದನ್ನು ವೈದ್ಯರಲ್ಲಿ ಕೇಳಬೇಕಾಯಿತು.

ಮೇಷ್ಟ್ರಿಗೆ ಬಹುಕಾಲದ ಶ್ವಾಸಕೋಶದ ಕಾಯಿಲೆ. ಪ್ರಾಣವಾಯು ಸಾಲದಾದಾಗ ದೇಹವು ಕೆಂಪು ಕಣಗಳನ್ನು ಹೆಚ್ಚಾಗಿ ಹುಟ್ಟಿಸುತ್ತದೆ. ರಕ್ತದಲ್ಲಿ ಈ ಕಣಗಳು ಆಕ್ರಮಿಸುವ ಪಾಲಿಗೆ ಹಿಮಾಟೋಕ್ರಿಟ್ ಎಂದು ಹೆಸರು. ಗಂಡಸರಲ್ಲಿ ಅದು ಸುಮಾರು 40ರಿಂದ 50 ಪ್ರತಿಶತ. ಇವರಲ್ಲಿ 61 ಇತ್ತು. ಅಂಥ ಗಟ್ಟಿ ರಕ್ತದಲ್ಲಿ ನೀರಿನ ಭಾಗ ಕಡಿಮೆ. ಸಕ್ಕರೆಯು ಕಣಗಳ ಸಂದಣಿಯನ್ನು ದಾಟಿ ಪಟ್ಟಿಯ ಮದ್ದನ್ನು ತಲಪುವುದೂ ನಿಧಾನ. ಮೀಟರು ತನ್ನ ಗೊತ್ತಾದ ಕೆಲವು ಸೆಕೆಂಡುಗಳಲ್ಲಿ ಲೆಕ್ಕ ಮುಗಿಸಿಬಿಡುವುದರಿಂದ ಅಂಕಿ ಇಳಿಯುತ್ತದೆ. ರಕ್ತಹೀನತೆಯಲ್ಲಿ ಇದಕ್ಕೆ ವಿರುದ್ಧ: ಅಂಕಿ ಇಲ್ಲದ ಏರಿಕೆಯನ್ನು ತೋರುತ್ತದೆ.

ಮೇಷ್ಟ್ರು ಮೀಟರಿನೊಡನೆ ಬಂದ ಪರೀಕ್ಷಾದ್ರಾವಣವನ್ನು ಹಾಕಿ ನೋಡಿದ್ದರು, ಎಲ್ಲವೂ ಸರಿಯಾಗಿತ್ತು. ಆಗದೆ ಏನು? ಆ ದ್ರಾವಣದಲ್ಲಿ ರಕ್ತಕಣವೇ ಇಲ್ಲ! ಪಟ್ಟಿಯ ಡಬ್ಬಿಯೊಳಗಿನ ಕಾಗದವನ್ನು ಬಿಡಿಸಿದಾಗ ಗುಟ್ಟು ತಿಳಿಯಿತು. ಆ ಪಟ್ಟಿಗೆ ಹಿಮಾಟೋಕ್ರಿಟ್ 30ರಿಂದ 55ರ ಒಳಗಿರಬೇಕೆಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಇನ್ನೂ ವಿಶಾಲವಾದ ಮಿತಿಯುಳ್ಳ ಪಟ್ಟಿಗಳೂ ಇವೆ; ವೈದ್ಯರು ಅವರಿಗೆ ಅಂಥದನ್ನೇ ಬರೆದುಕೊಟ್ಟರು. ಹೀಗೆ ಹೋಲಿಸಿ ನೋಡುವವರು ಬರಿಹೊಟ್ಟೆಯಲ್ಲೇ ನೋಡಬೇಕು. ಊಟವಾದ ಮೇಲೆ ಬೆರಳಿನ ರಕ್ತದಲ್ಲಿ ಸಕ್ಕರೆ ತೋಳಿನ ರಕ್ತಕ್ಕಿಂತ ಸಹಜವಾಗಿಯೇ ಹೆಚ್ಚಿರುತ್ತದೆ.

ಸಿ ಜೀವಸತ್ವದ ಮೋಸ ಬೇರೆ ಬಗೆಯದು. ಪಟ್ಟಿಯಲ್ಲಿ ಸಕ್ಕರೆಯಿಂದ ಹೊರಟ ಎಲೆಕ್ಟ್ರಾನುಗಳನ್ನು ಮೀಟರು ವಿದ್ಯುತ್ ಪ್ರವಾಹವಾಗಿ ಅಳೆಯುತ್ತದೆ. ಈ ಜೀವಸತ್ವವೂ ಎಲೆಕ್ಟ್ರಾನುಗಳನ್ನು ಧಾರಾಳವಾಗಿ ಕೊಡುವಂಥದು. ಅನೇಕ ಮೀಟರುಗಳು ಅದನ್ನೂ ಸಕ್ಕರೆಯ ಖಾತೆಗೇ ಜಮಾ ಮಾಡಿ ಅಂಕಿಯನ್ನು ಏರಿಸಿಬಿಡುತ್ತವೆ. ನೆಲ್ಲಿಕಾಯಿ, ನಿಂಬೆಹಣ್ಣಿನಿಂದ ಹೆದರಬೇಕಾದ್ದಿಲ್ಲ. ಗ್ರಾಂಗಟ್ಟಲೆ ಜೀವಸತ್ವವನ್ನು ರಕ್ತನಾಳಕ್ಕೆ ಹರಿಸುವ ಚಿಕಿತ್ಸೆಯಲ್ಲಿ, ಅದರಲ್ಲೂ ಮೂತ್ರಪಿಂಡ ಸೋತವರಲ್ಲಿ, ಅಪಾಯ ನಿಜವಾದದ್ದು. ಕೆಲವು ಪಟ್ಟಿಗಳಲ್ಲಿ ಪ್ಯಾರಾಸಿಟಮಾಲ್ ಕೂಡ ರಕ್ತದಲ್ಲಿ ಹೆಚ್ಚಾದಾಗ ಇದೇ ಕೆಲಸ ಮಾಡುತ್ತದೆ.

ನನ್ನ ಮಟ್ಟಿಗೆ, ಇಳಿದ ಅಂಕಿಗಿಂತ ಏರಿದ ಅಂಕಿಯೇ ಹೆಚ್ಚು ಭಯಂಕರ. ಅದನ್ನು ನಂಬಿ ಇನ್‌ಸುಲಿನ್ ಚುಚ್ಚಿದರೆ ನಿಜವಾದ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ರೋಗಿ ಬೆವರಿ ನಡುಗುತ್ತಿದ್ದರೂ ಮೀಟರು ಚೆನ್ನಾಗಿದೆ ಎನ್ನುತ್ತಿರುತ್ತದೆ. ಆಗ ರೋಗಿಯ ಮೈಯನ್ನು ನಂಬಿ ಒಡನೆ ಸಕ್ಕರೆ ಕೊಟ್ಟು, ತೋಳಿನ ರಕ್ತವನ್ನು ಪ್ರಯೋಗಶಾಲೆಗೆ ಕಳುಹಿಸುತ್ತಾರೆ.