ಮುಖ್ಯೋಪಾಧ್ಯಾಯರು ಮತ್ತು ಮಗುವಿನ ಪಾಟಿ



ಮುಖ್ಯೋಪಾಧ್ಯಾಯರ ಕೆಲಸವೆಂದರೆ ಹಾಜರಿ, ಬಿಸಿಯೂಟದ ಲೆಕ್ಕ, ಮೇಲಿನವರಿಗೆ ವರದಿ ಎಂದು ನಾನೂ ತಿಳಿದಿದ್ದೆ. ಆ ತಿಳಿವಳಿಕೆ ಬದಲಾದದ್ದು ಹಿಂದೆ ನಾನು ಕೆಲಸ ಮಾಡಿದ ಒಂದು ಉರ್ದು ಶಾಲೆಯಲ್ಲಿ. ಅದನ್ನೇ ಇಂದು ಹೇಳುತ್ತೇನೆ.

1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ತಮಗೆ ಗೊತ್ತು. ಅದರಲ್ಲಿ ಕನ್ನಡ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ ಬರುತ್ತವೆ. ಈ ಐದರಿಂದಲೇ ಸರ, ರಸ, ದರ, ಅಗಸ, ಅರಸ ಎಂಬ ಪದಗಳು ಹುಟ್ಟುತ್ತವೆ. ಈ ಕ್ರಮವನ್ನು ನಾನು ನಮ್ಮ ಮಕ್ಕಳ ಕನ್ನಡ ಪಾಠಕ್ಕೆ ಎರವಲು ಪಡೆದಿದ್ದೆ. ಚಿತ್ರದ ಕಾರ್ಡು ಹಿಡಿದರೆ ಮಕ್ಕಳು ಪಟಪಟನೆ ಓದುತ್ತಿದ್ದರು. ಪ್ರಗತಿ ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೆ ಗುರುತು ಹಾಕಿದೆ.

ಒಂದು ದಿನ ನಮ್ಮ ಮುಖ್ಯೋಪಾಧ್ಯಾಯರು ತರಗತಿಗೆ ಬಂದರು. ಪಟ್ಟಿಗೆ ಸಹಿ ಹಾಕುವ ಮೊದಲು ಹಾಜರಿ ಪುಸ್ತಕದಿಂದ ತಾವೇ ಐದು ಮಕ್ಕಳನ್ನು ಆರಿಸಿದರು. ಆಯ್ಕೆ ನನಗೆ ಬಿಟ್ಟಿದ್ದರೆ ಜಾಣರನ್ನೇ ಕೊಡುತ್ತಿದ್ದೆ. ಚಿತ್ರವಿಲ್ಲದೆ ಪಾಟಿಯ ಮೇಲೆ 'ರಸ' ಎಂದು ಬರೆದು ತೋರಿಸಿದರು. ಇಬ್ಬರು ಸರಿಯಾಗಿ ಓದಿದರು. ಮೂವರು 'ಸರ' ಎಂದರು.

ನನಗೆ ನಾಚಿಕೆಯಾಯಿತು. ಅವರು ಗದರಲಿಲ್ಲ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, "ಇದು ಯಾವುದು ಬೇಟಾ?" ಎಂದು ಕೇಳಿದರು. ಇಬ್ಬರಿಗೆ ಎರಡೂ ಅಕ್ಷರ ಗೊತ್ತಿದ್ದವು. ಕೂಡಿಸಿ ಓದುವಾಗ ಮಾತ್ರ ಉರ್ದುವಿನ ರೂಢಿಯಂತೆ ಬಲದಿಂದ ಎಡಕ್ಕೆ ಹೋಗುತ್ತಿದ್ದರು. ಮೂರನೆಯ ಮಗುವಿಗೆ ಅಕ್ಷರಗಳೇ ಗೊತ್ತಿರಲಿಲ್ಲ. ಅದು ಕಾರ್ಡಿನ ಸರದ ಚಿತ್ರ ನೆನಪಿಟ್ಟುಕೊಂಡು ಹೇಳಿತ್ತು. ತಪ್ಪು ಒಂದೇ, ಕಾರಣ ಎರಡು.

ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ಕೂತು ಯೋಚಿಸಿದೆವು. ಮೊದಲಿನ ಇಬ್ಬರಿಗೆ ಪದದ ಎಡತುದಿಯ ಕೆಳಗೆ ಒಂದು ಚುಕ್ಕೆ ಇಟ್ಟು, ಅಲ್ಲಿಂದ ಬೆರಳು ಸರಿಸುತ್ತ ಓದಿಸುವುದು. ಮೂರನೆಯ ಮಗುವಿಗೆ ಚಿತ್ರ ತೆಗೆದಿಟ್ಟು ಅಕ್ಷರದಿಂದಲೇ ಮತ್ತೆ ಆರಂಭಿಸುವುದು. ಮರುದಿನ ಮೊದಲ ಪಾಠವನ್ನು ಅವರೇ ಮಾಡಿ ತೋರಿಸಿದರು. ಎರಡು ವಾರದ ನಂತರ ಬಂದು 'ದರ', 'ಅಗಸ' ಬರೆದು ಕೇಳಿದರು. ಇಬ್ಬರು ದಾಟಿದ್ದರು. ಮೂರನೆಯ ಮಗುವಿಗೆ ಇನ್ನೂ ಬಹಳ ದಿನ ಬೇಕಾಯಿತು.

2008ರಲ್ಲಿ ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಮುಖ್ಯಸ್ಥರ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಹೆಚ್ಚು ತಟ್ಟುವುದು ಶಿಕ್ಷಕರ ಜೊತೆ ತಾವೂ ಕೂತು ಕಲಿಯುವುದು ಎಂದು ಅವರಿಗೆ ಕಂಡಿತು. ನಾನು ಕಂಡದ್ದೂ ಅದನ್ನೇ.

ಆದರೆ ಇದೇ ಭೇಟಿ ತಪಾಸಣೆಯಾದರೆ ಕೆಡುತ್ತದೆ. ನೋಟೀಸಿನ ಹೆದರಿಕೆಯಿದ್ದರೆ ಶಿಕ್ಷಕರು ಆ ಐದು ಪದಗಳನ್ನೇ ಬಾಯಿಪಾಠ ಮಾಡಿಸುತ್ತಾರೆ. ಆದ್ದರಿಂದ ಪದ ಪ್ರತಿ ಸಲ ಹೊಸದಾಗಿರಬೇಕು, ಮಾತು ಅದೇ ದಿನ ಆಗಬೇಕು. ಲೆಕ್ಕಪತ್ರದ ಹೊರೆ ಎಷ್ಟಿದ್ದರೂ ಐದು ಮಕ್ಕಳನ್ನು ಓದಿಸಲು ಅರ್ಧ ತಾಸು ಸಾಕು.

ಆ ವರ್ಷ ಮುಗಿಯುವುದರೊಳಗೆ, "ಸರ್, ನನ್ನ ತರಗತಿಗೂ ಬನ್ನಿ" ಎಂದು ಉಳಿದ ಶಿಕ್ಷಕರೇ ಅವರನ್ನು ಕರೆಯತೊಡಗಿದರು. ನಮ್ಮ ಶಾಲೆ ಸುಧಾರಿಸತೊಡಗಿದೆ ಎಂದು ನನಗೆ ಗೊತ್ತಾದದ್ದು ಅಂದು.