ಸೀರೆ ವಾಪಸ್ ಬರೋದು ಯಾಕೆ? ಕೈಮಗ್ಗದ ಸೀರೆಯ ಆನ್‌ಲೈನ್ ಪುಟ ಬರೆಯುವ ಬಗೆ

(ಪಾಡ್‌ಕಾಸ್ಟ್‌ನ ಬರಹ ರೂಪ)

ನಾನು ಮಂಡ್ಯ ತಾಲ್ಲೂಕಿನ ಬಸರಾಳಿನವಳು. ಕೈಮಗ್ಗದ ಸೀರೆ ಮಾರುವ ಅಂಗಡಿಗೆ ಆನ್‌ಲೈನ್ ಪುಟಗಳನ್ನ ಬರೆದುಕೊಡೋದು ನನ್ನ ಕೆಲಸ. ನಮ್ಮ ಜಿಲ್ಲೆಯಲ್ಲೇ ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲ ನೇಕಾರರ ಊರು. ಆದರೆ ಇವತ್ತು ಉದಾಹರಣೆಗೆ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ ತಗೋತೀನಿ. ಯಾಕಂದ್ರೆ ಪುಟದಲ್ಲಿ ತಪ್ಪು ಬರೆಯೋಕೆ ಇದರಷ್ಟು ಅವಕಾಶ ಇರೋ ಸೀರೆ ಕಡಿಮೆ.

ಸೀರೆ ವಾಪಸ್ ಬಂದಾಗ ಪಾರ್ಸೆಲ್ ಒಳಗೆ ಒಂದು ಕಾರಣ ಇರುತ್ತೆ. ಬಣ್ಣ ಬೇರೆ, ರವಿಕೆ ಬಟ್ಟೆ ಇಲ್ಲ, ಸೆರಗಿನ ಹತ್ರ ಏನೋ ಜೋಡಿಸಿದ ಹಾಗಿದೆ, ರೇಷ್ಮೆ ಅಂದಿದ್ರಿ ಆದ್ರೆ ಹತ್ತಿ ಥರ ಇದೆ. ಈ ನಾಲ್ಕು ದೂರೂ ಸೀರೆಯದ್ದಲ್ಲ, ಪುಟದ್ದು. ಹಾಗಾಗಿ ಪುಟ ಬರೆಯುವಾಗ ಒಂದೊಂದು ದೂರಿಗೂ ಮೊದಲೇ ಒಂದು ಸಾಲು ಬರೆದುಬಿಡಬೇಕು.

ಮೊದಲು ಹೆಸರು. ಇಳಕಲ್ ಸೀರೆಯ ಮೈ ಒಂದು ಹಾಸಿನದ್ದು, ಸೆರಗು ಇನ್ನೊಂದು ಹಾಸಿನದ್ದು. ಹಾಸು ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟೋ ನೂಲು. ಮೈಯ ಹಾಸು ಎಷ್ಟೋ ಸೀರೆಗಳಲ್ಲಿ ಹತ್ತಿ, ಸೆರಗಿನದ್ದು ರೇಷ್ಮೆ. ಈ ಎರಡೂ ಹಾಸಿನ ನೂಲುಗಳನ್ನ ಕೊಂಡಿ ಹಾಕಿ ಸೇರಿಸ್ತಾರೆ. ಇದೇ ಇಳಕಲ್ ನೇಯ್ಗೆಯ ಗುರುತು. ಹೀಗಿರುವಾಗ ‘ಇಳಕಲ್ ರೇಷ್ಮೆ ಸೀರೆ’ ಅಂತಷ್ಟೇ ಬರೆದರೆ ಓದಿದವರು ಇಡೀ ಸೀರೆ ರೇಷ್ಮೆ ಅಂದ್ಕೋತಾರೆ. ಅದರ ಬದಲು ‘ಮೈ ಹತ್ತಿ ಹಾಸು, ರೇಷ್ಮೆ ಹೊಕ್ಕು, ಸೆರಗು ರೇಷ್ಮೆ’ ಅಂತ ಬಿಡಿಸಿ ಬರೀರಿ. ಅದು ನಿಜವಾದ ರೇಷ್ಮೆಯಾ, ಆರ್ಟ್ ಸಿಲ್ಕಾ ಅನ್ನೋದನ್ನ ನೇಕಾರರ ಹತ್ರ ಕೇಳಿ. ಜೊತೆಗೆ ಸೆರಗಿನ ತುದಿಯಲ್ಲಿ ಬಿಟ್ಟಿರೋ ಒಂದು ನೂಲು ತೆಗೆದು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ರೇಯಾನ್ ಆದ್ರೆ ಕಾಗದ ಸುಟ್ಟ ವಾಸನೆ.

ಇನ್ನು ಫೋಟೋ. ಬೆಳಗ್ಗೆ ಜಗಲಿಯಲ್ಲಿ, ನೇರ ಬಿಸಿಲು ಬೀಳದ ಜಾಗದಲ್ಲಿ ತೆಗೀರಿ. ಟ್ಯೂಬ್‌ಲೈಟ್ ಬೇಡ, ಫೋನಿನ ಫಿಲ್ಟರ್ ಬೇಡ. ಸೀರೆ ಪಕ್ಕ ಒಂದು ಬಿಳಿ ಹಾಳೆ ಇಟ್ಟು ಒಂದು ಫೋಟೋ ತೆಗೀರಿ. ಪರದೆ ಮೇಲೆ ಹಾಳೆ ಹಳದಿಯಾಗೋ ನೀಲಿಯಾಗೋ ಕಂಡ್ರೆ ಸೀರೆ ಬಣ್ಣವೂ ಸುಳ್ಳು ಅಂತ ಅರ್ಥ. ಸರಿ ಬಂದ ಮೇಲೆ ಸೀರೆಯನ್ನ ಫೋನಿನ ಪಕ್ಕ ಹಿಡಿದು ನೋಡಿ, ಇನ್ನೊಬ್ಬರ ಫೋನಲ್ಲೂ ನೋಡಿ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇದ್ರೆ ಸೀರೆ ಹೊರಳಿಸಿದ ಹಾಗೆ ಬಣ್ಣ ಬದಲಾಗುತ್ತೆ. ಅಂಥದ್ದಕ್ಕೆ ಎರಡು ಕಡೆಯಿಂದ ಎರಡು ಫೋಟೋ ಬೇಕೇ ಬೇಕು.

ಒಟ್ಟು ಐದು ಫೋಟೋ ಸಾಕು: ಪೂರ್ತಿ ಸೀರೆ, ಸೆರಗು, ಪಕ್ಕದಲ್ಲಿ ಸ್ಕೇಲ್ ಇಟ್ಟ ಅಂಚು, ಹಿಂಬದಿ, ಕೊನೆಗೆ ಸೆರಗು ಮೈಗೆ ಸೇರೋ ಜಾಗ. ಆ ಕೊನೇ ಫೋಟೋನ ಬಹಳ ಜನ ಬಿಟ್ಟುಬಿಡ್ತಾರೆ. ಕೊಂಡಿಯ ಸಾಲು ಸ್ವಲ್ಪ ದಪ್ಪಗೆ, ಗೆರೆ ಎಳೆದ ಹಾಗೆ ಕಾಣುತ್ತೆ. ಗೊತ್ತಿಲ್ಲದವರು ಹರಿದ ಸೀರೆ ಹೊಲಿದು ಕಳಿಸಿದಾರೆ ಅಂತ ವಾಪಸ್ ಹಾಕ್ತಾರೆ. ಫೋಟೋ ಹಾಕಿ ಕೆಳಗೆ ಒಂದು ಸಾಲು ಬರೆದ್ರೆ ಅದೇ ಗೆರೆ ಸೀರೆಯ ಬೆಲೆಗೆ ಸಾಕ್ಷಿಯಾಗುತ್ತೆ.

ಅಳತೆ. ‘ಆರು ಗಜ’ ಅಂದ್ರೆ ಲೆಕ್ಕದಲ್ಲಿ 5.49 ಮೀಟರ್. ಆದ್ರೆ ಮಗ್ಗದಿಂದ ಇಳಿದ ಎರಡು ಸೀರೆ ಒಂದೇ ಅಳತೆ ಇರಬೇಕು ಅಂತೇನಿಲ್ಲ. ಹಳೇ ಪುಟದ ಅಂಕಿ ನಕಲು ಮಾಡಬೇಡಿ. ನೆಲದ ಮೇಲೆ ಎಳೆಯದೆ ಹಾಸಿ ಟೇಪ್ ಹಿಡೀರಿ. ಅಗಲವನ್ನೂ ಬರೀರಿ, ಎತ್ತರದ ಹೆಣ್ಣುಮಕ್ಕಳಿಗೆ ಅದೇ ಮುಖ್ಯ. ಸೊಂಟದಿಂದ ಪಾದಕ್ಕೆ ನೂರು ಸೆಂಟಿಮೀಟರ್ ಇರೋರಿಗೆ ಒಳಗೆ ಸಿಕ್ಕಿಸೋಕೆ ಇನ್ನೊಂದು ಹತ್ತು ಹನ್ನೆರಡು ಬೇಕು. 117 ಸೆಂಟಿಮೀಟರ್ ಅಗಲ ಸಾಕಾಗುತ್ತೆ, 108 ಆದ್ರೆ ಮೇಲಕ್ಕೆ ಬರುತ್ತೆ. ರವಿಕೆ ಬಟ್ಟೆ ಇದ್ರೆ ಅದು ಆ ಉದ್ದದೊಳಗೇ ಸೇರಿದೆಯಾ, ಬೇರೆಯಾ ಅಂತ ಹೇಳಿ. ಇಲ್ಲದಿದ್ರೆ ‘ಇಲ್ಲ’ ಅಂತ ಬರೀರಿ. ಸುಮ್ಮನೆ ಬಿಟ್ರೆ ಓದೋರು ಇದೆ ಅಂತಲೇ ತಿಳ್ಕೋತಾರೆ.

ಬೆಲೆ. ‘ಬೆಲೆಗೆ ಮೆಸೇಜ್ ಮಾಡಿ’ ಅನ್ನೋ ಪದ್ಧತಿ ಬಿಡಿ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನ ಒಂದೇ ಅಂಕಿಯಲ್ಲಿ ತೋರಿಸಿ, ಅದರೊಳಗೆ ಏನೇನು ಸೇರಿದೆ ಅಂತ ಬಿಡಿಸಿ ಹೇಳಬೇಕು. ಸೀರೆಗೆ 3,000, ಶೇಕಡ 5ರ ಜಿಎಸ್‌ಟಿ 150, ಕೊರಿಯರ್ 90 ಆದ್ರೆ, ಮೇಲೆ ಕಾಣಬೇಕಾದ್ದು 3,240. ಹಣ ಕಟ್ಟೋ ಕೊನೇ ಹಂತದಲ್ಲಿ 240 ರೂಪಾಯಿ ಹೆಚ್ಚಾದ್ರೆ ಗಿರಾಕಿ ಅಲ್ಲೇ ಎದ್ದು ಹೋಗ್ತಾರೆ.

ಕೊನೇದು ವಾಪಸ್ ಷರತ್ತು. ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಅನ್ನೋ ಬೋರ್ಡು ಇಲ್ಲಿ ನಡೆಯಲ್ಲ. ಸೀರೆಯಲ್ಲಿ ದೋಷ ಇದ್ರೆ, ಪುಟದಲ್ಲಿ ಹೇಳಿದ್ದಕ್ಕೂ ಬಂದದ್ದಕ್ಕೂ ಹೊಂದದೇ ಇದ್ರೆ, ತನ್ನದೇ ದಾಸ್ತಾನು ಮಾರೋ ಅಂಗಡಿ ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ ಅಂತ ಅದೇ ನಿಯಮಗಳು ಹೇಳ್ತವೆ. ‘ಮನಸ್ಸು ಬದಲಾಯ್ತು’ ಅನ್ನೋರಿಗೆ ವಾಪಸ್ ಕೊಡೋದು ಬಿಡೋದು ಅಂಗಡಿಯ ಇಷ್ಟ. ಈ ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಬೇಡಿ. ಯಾವುದು ದೋಷ ಅನ್ನೋದನ್ನೂ ಹೇಳಿ. ಅಲ್ಲಲ್ಲಿ ನೂಲು ದಪ್ಪ ಇರೋದು, ಹಿಂಬದಿಯಲ್ಲಿ ಸಣ್ಣ ಗಂಟು ಇರೋದು ಕೈಮಗ್ಗದ ಗುಣ. ತೂತು, ಎಣ್ಣೆ ಕಲೆ, ಹಾಸಿನ ನೂಲು ಕಡಿದು ಉದ್ದಕ್ಕೆ ಬಿದ್ದ ಸಂದು, ಇವು ದೋಷ.

ಇದನ್ನೆಲ್ಲ ಒಂದು ಸೀರೆಗೆ ಇಳಿಸಿದ್ರೆ ಪುಟ ಹೀಗಿರುತ್ತೆ, ಓದ್ತೀನಿ ಕೇಳಿ:

“ಇಳಕಲ್ ಕೈಮಗ್ಗದ ಸೀರೆ. ನೇರಳೆ ಹಣ್ಣಿನ ಬಣ್ಣದ ಮೈ, ಕೆಂಪು ಸೆರಗು. ಮೈ ಹತ್ತಿ ಹಾಸು, ರೇಷ್ಮೆ ಹೊಕ್ಕು, ಸೆರಗು ರೇಷ್ಮೆ. ಉದ್ದ 5.45 ಮೀಟರ್, ಅಗಲ 117 ಸೆಂ.ಮೀ. ರವಿಕೆ ಬಟ್ಟೆ ಇಲ್ಲ. ಸೆರಗಿನ ಬಳಿ ಕಾಣುವ ಗೆರೆ ಹೊಲಿಗೆಯಲ್ಲ, ಎರಡು ಹಾಸುಗಳ ಕೊಂಡಿ. ಐದನೇ ಫೋಟೋ ನೋಡಿ. ಮನೆಗೆ ತಲುಪಿಸುವವರೆಗೆ ಒಟ್ಟು 3,240 ರೂಪಾಯಿ: ಸೀರೆ 3,000, ಜಿಎಸ್‌ಟಿ 150, ಕೊರಿಯರ್ 90. ದೋಷವಿದ್ದರೆ ಅಥವಾ ಇಲ್ಲಿ ಬರೆದಂತೆ ಇಲ್ಲದಿದ್ದರೆ ನಮ್ಮ ಖರ್ಚಿನಲ್ಲೇ ವಾಪಸ್, ಪೂರ್ತಿ ಹಣ. ಇಷ್ಟವಾಗದಿದ್ದರೆ ತಲುಪಿದ 7 ದಿನದೊಳಗೆ, ಫಾಲ್ ಹೊಲಿಸದೆ, ಒಗೆಯದೆ ಕಳಿಸಿ. ಆಗ ವಾಪಸ್ ಕೊರಿಯರ್ ನಿಮ್ಮದು. ಸೀರೆ ನಮಗೆ ಸೇರಿದ 5 ದಿನದಲ್ಲಿ ಹಣ.”

ಆ 7, 5 ದಿನ ಅಂಗಡಿಯವರು ತಮ್ಮ ಅನುಕೂಲ ನೋಡಿ ಇಟ್ಟುಕೊಳ್ಳೋ ಲೆಕ್ಕ. ದೂರು ಕೇಳೋ ಅಧಿಕಾರಿಯ ವಿಷಯ ಮಾತ್ರ ಹಾಗಲ್ಲ. ಅವರ ಹೆಸರು, ಹುದ್ದೆ, ಸಂಪರ್ಕ ಸೈಟಿನಲ್ಲಿ ಇರಬೇಕು. ದೂರು ಬಂದ 48 ಗಂಟೆಯಲ್ಲಿ ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಮುಂದಿನ ಸಲ ಪಾರ್ಸೆಲ್ ವಾಪಸ್ ಬಂದ್ರೆ, ಒಳಗಿರೋ ಕಾರಣಕ್ಕೆ ಪುಟದಲ್ಲಿ ಉತ್ತರ ಇದೆಯಾ ಅಂತ ಹುಡುಕಿ. ಇಲ್ಲ ಅಂದ್ರೆ ಅವತ್ತೇ ಆ ಸಾಲು ಸೇರಿಸಿ.