ಮಾತು ಬಿಟ್ಟ ಮಗ, ಅಪ್ಪ-ಅಮ್ಮನಿಗೊಂದು ಪುಸ್ತಕ

ಗಂಜಾಂನಿಂದ ಮಾತಾಡ್ತಿದ್ದೀನಿ. ನಿಮ್ಮ ತಮ್ಮನೋ ಅಕ್ಕನ ಮಗನೋ ಹದಿನಾರಕ್ಕೆ ಮನೇಲಿ ಮಾತೇ ಬಿಟ್ಟಿದ್ದಾನಾ? ಹಾಗಿದ್ರೆ ಅವನ ಅಪ್ಪ-ಅಮ್ಮನಿಗೆ ಒಂದು ಪುಸ್ತಕ ಕೊಡಿ: ಅಡೆಲ್ ಫೇಬರ್, ಇಲೇನ್ ಮ್ಯಾಜ್ಲಿಶ್ ಬರೆದ ‘ಹೌ ಟು ಟಾಕ್ ಸೋ ಟೀನ್ಸ್ ವಿಲ್ ಲಿಸನ್’. 2005ರದ್ದು. ಇಂಗ್ಲಿಷ್ ಸುಲಭ, ಕಾರ್ಟೂನ್‌ಗಳೂ ಇವೆ.

ಅದರ ತಿರುಳು ಇಷ್ಟೇ: ಪ್ರಶ್ನೆ, ಬುದ್ಧಿಮಾತು ಆಮೇಲೆ, ಮೊದಲು ಅವನ ಮನಸ್ಸಲ್ಲಿರೋದನ್ನ ಹೆಸರಿಟ್ಟು ಹೇಳಿ.

ಉದಾಹರಣೆಗೆ, ಮೈಸೂರಿನ ಕಾಲೇಜಿಂದ ಬಸ್ಸಲ್ಲಿ ಬಂದ ಹುಡುಗ “ನಾಳೆಯಿಂದ ಹೋಗಲ್ಲ” ಅಂತಾನೆ ಅನ್ಕೊಳ್ಳಿ. “ಫೀಸ್ ಕಟ್ಟಿರೋದು ಯಾರಪ್ಪಾ?” ಅಂದ್ರೆ ರೂಮಿನ ಬಾಗಿಲು ಮುಚ್ಚುತ್ತೆ. “ಇವತ್ತು ತುಂಬಾ ಬೇಜಾರಾಗಿದೆ ಅಲ್ವಾ ಮಗಾ” ಅಂದು ಸುಮ್ಮನಿದ್ರೆ, ಉಳಿದದ್ದನ್ನ ಹೇಳೋಕೆ ಅವನಿಗೆ ಜಾಗ ಸಿಗುತ್ತೆ. ಹೀಗಂದ್ರೆ ಕಾಲೇಜು ಬಿಡೋಕೆ ಒಪ್ಪಿದ ಹಾಗಲ್ಲ. ಆ ಚರ್ಚೆ ಊಟ ಆದ್ಮೇಲೂ ಮಾಡಬಹುದು.

ಕೆಡೋದು ಎಲ್ಲಿ ಗೊತ್ತಾ? ಅದೇ ಉಸಿರಲ್ಲಿ “ಆದ್ರೆ...” ಅಂತ ಸೇರಿಸಿದಾಗ. ಹುಡುಗನಿಗೆ ಕೇಳಿಸೋದು ಆ “ಆದ್ರೆ” ಮಾತ್ರ.

ಇನ್ನೊಂದು ವಿಷಯ. ಫ್ರೆಂಡ್ಸ್ ಜೊತೆ ಹರಟೆ ಹೊಡೀತಾ ಮನೇಲಿ ಮಾತ್ರ ಸುಮ್ಮನಿದ್ರೆ ಪುಸ್ತಕ ಸಾಕಾಗಬಹುದು. ಫ್ರೆಂಡ್ಸೂ ಬೇಡ, ಊಟ-ನಿದ್ದೆನೂ ಕೆಟ್ಟು ಎರಡು ವಾರ ಆಯ್ತು ಅಂದ್ರೆ, ಅಥವಾ ಸಾಯೋ ಮಾತು ಬಂದ ದಿನವೇ, ಪುಸ್ತಕ ಬದಿಗಿಟ್ಟು ಟೆಲಿ ಮಾನಸ್‌ಗೆ ಕರೆ ಮಾಡ್ಸಿ. ನಂಬರ್ 14416. ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.